ರೂಮ್ ಮಿತಿ ಮೂರು ಸಾವಿರ, ಕೈಯಿಂದ ಹೋದದ್ದು ಐವತ್ತಾರು ಸಾವಿರ

ಕುರೆಕುಪ್ಪದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಒಬ್ಬರ ಕಥೆ ಇದು. ಅವರ ಹೆಸರು ಬೇಡ. ಬೀದಿಯಲ್ಲಿ ಎಲ್ಲರೂ ಅವರನ್ನು ಸಾವ್ಕಾರ್ರು ಅಂತಲೇ ಕರೆಯುತ್ತಾರೆ. ವರ್ಷಗಟ್ಟಲೆ ಅಕ್ಕಿ ಚೀಲ, ಬೆಲ್ಲದ ಪೆಂಟಿ ಎತ್ತಿ ಇಳಿಸಿದ ಮೈ. ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡಾಗ ಡಾಕ್ಟರು ಹರ್ನಿಯಾ ಅಂದರು, ಬೇಗ ಆಪರೇಷನ್ ಮಾಡಿಸಿ ಅಂದರು. ಆರೋಗ್ಯ ವಿಮೆ ಇತ್ತು. ಮೂರು ಲಕ್ಷದ ಪಾಲಿಸಿ, ನಾಲ್ಕು ವರ್ಷದಿಂದ ಒಂದು ಕಂತೂ ತಪ್ಪಿಸದೆ ಕಟ್ಟಿದ್ದರು. ಹರ್ನಿಯಾಕ್ಕೆ ಸಾಮಾನ್ಯವಾಗಿ ಇರುವ ಎರಡು ವರ್ಷದ ಕಾಯುವ ಅವಧಿಯೂ ಮುಗಿದಿತ್ತು. ಮನೆಯವರು ಧೈರ್ಯವಾಗಿ ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆಪರೇಷನ್ ಚೆನ್ನಾಗಿಯೇ ಆಯಿತು. ತೊಡಕು ಬಂದದ್ದು ನಾಲ್ಕನೇ ದಿನ, ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತಾಗ.

“ಸಾವ್ಕಾರ್ರೇ, ಒಟ್ಟು ಬಿಲ್ಲು 1,37,000. ಕಂಪನಿಯಿಂದ 80,400 ಮಂಜೂರಾಗೈತ್ರಿ. ಉಳಿದ 56,600 ಕಟ್ಟಿದ್ರೆ ಡಿಸ್ಚಾರ್ಜ್ ಮಾಡ್ತೀವಿ.”

“ಪಾಲಿಸಿ ಮೂರು ಲಕ್ಷದ್ದೈತಲ್ರೀ. ಬಿಲ್ಲು ಅದರ ಅರ್ಧನೂ ಆಗಿಲ್ಲ!”

“ನಿಮ್ಮ ಪಾಲಿಸಿಗೆ ರೂಮ್ ಲಿಮಿಟ್ ದಿನಕ್ಕೆ ಮೂರು ಸಾವಿರ ಐತ್ರಿ. ನಿಮ್ದು ಐದು ಸಾವಿರ ಆಗೈತಿ. ಅದಕ್ಕೇ ಕಟ್ ಆಗೈತಿ.”

“ಹಂಗಾದ್ರೆ ದಿನಕ್ಕೆ ಎರಡು ಸಾವಿರ ಹೆಚ್ಚು. ನಾಕು ದಿನಕ್ಕೆ ಎಂಟು ಸಾವಿರ. ಎಂಟು ಸಾವಿರ ಕಟ್ತೀನಿ, ತಗೋರಿ. ಐವತ್ತಾರು ಎಲ್ಲಿಂದ ಬಂತು?”

ಅಂಗಡಿಯವರ ಲೆಕ್ಕ ಅದು, ಕೇಳಿದರೆ ಯಾರಿಗೂ ಸರಿ ಅನಿಸುತ್ತದೆ. ವಿಮೆಯ ಲೆಕ್ಕ ಹಾಗೆ ನಡೆಯುವುದಿಲ್ಲ. ಕೌಂಟರಿನ ಹುಡುಗನಿಗೂ ಅದನ್ನು ಬಿಡಿಸಿ ಹೇಳಲು ಬರಲಿಲ್ಲ. ಮಗ ಗೆಳೆಯರಿಂದ ಫೋನಿಗೆ ದುಡ್ಡು ಹಾಕಿಸಿಕೊಂಡ, ಅಂಗಡಿಯ ಗಲ್ಲಾದಲ್ಲಿದ್ದದ್ದನ್ನು ಹೆಂಡತಿ ತಂದರು, ಬಿಲ್ಲು ಕಟ್ಟಿ ಮನೆಗೆ ಬಂದರು.

ಆ 56,600ರಲ್ಲಿ 41,000 ಅವರು ಕಟ್ಟಲೇಬೇಕಿತ್ತು. ಉಳಿದ 15,600 ಕಂಪನಿ ಕೊಡಬೇಕಾದದ್ದು, ತಪ್ಪಾಗಿ ಕಡಿದದ್ದು. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿತರೆ ರೂಮ್ ಬಾಡಿಗೆ ಮಿತಿಯ ವಿಷಯ ಮುಕ್ಕಾಲು ಪಾಲು ತಿಳಿದಂತೆಯೇ.

ಮಿತಿ ರೂಮಿಗೆ, ಕಡಿತ ಬಿಲ್ಲಿಗೆ

ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಒಂದೇ ಆಪರೇಷನ್‌ಗೆ ಒಂದೇ ದರ ಇರುವುದಿಲ್ಲ. ಜನರಲ್ ವಾರ್ಡಿನವರಿಗೆ ಒಂದು ಸರ್ಜನ್ ಫೀಸು, ಇಬ್ಬರು ಹಂಚಿಕೊಳ್ಳುವ ರೂಮಿನವರಿಗೆ ಇನ್ನೊಂದು, ಒಬ್ಬರೇ ಇರುವ ಎ.ಸಿ. ರೂಮಿನವರಿಗೆ ಮತ್ತೊಂದು. ಅದೇ ಡಾಕ್ಟರು, ಅದೇ ಥಿಯೇಟರು, ಅದೇ ಹೊಲಿಗೆ. ಆದರೂ ರೂಮು ಏರಿದಂತೆ ಥಿಯೇಟರ್ ಬಾಡಿಗೆ, ಅರಿವಳಿಕೆ ತಜ್ಞರ ಫೀಸು, ಡಾಕ್ಟರು ಬಂದು ನೋಡಿಹೋಗುವ ಚಾರ್ಜು ಎಲ್ಲವೂ ಏರುತ್ತವೆ. ಇದು ವಿಮಾ ಕಂಪನಿಗಳಿಗೆ ಗೊತ್ತು. ಕಡಿಮೆ ಪ್ರೀಮಿಯಂ ಪಡೆದು ಪಾಲಿಸಿ ಕೊಡುವಾಗ ಅವರು ರೂಮಿಗೆ ಒಂದು ಮಿತಿ ಹಾಕುತ್ತಾರೆ. ಮಿತಿ ಮೀರಿದ ರೂಮು ಹಿಡಿದರೆ, ರೂಮಿನ ಜೊತೆ ಏರಿದ ಉಳಿದ ಚಾರ್ಜುಗಳನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಕಾಗದದಲ್ಲಿ ಇದಕ್ಕೆ ‘ಪ್ರಪೋರ್ಷನೇಟ್ ಡಿಡಕ್ಷನ್’ ಎಂದಿರುತ್ತದೆ. ಪ್ರಮಾಣಾನುಗುಣ ಕಡಿತ ಅನ್ನಬಹುದು.

ಲೆಕ್ಕ ಹೀಗೆ. ಸಿಗಬೇಕಾದ ಬಾಡಿಗೆ 3,000, ಹಿಡಿದ ರೂಮಿನದು 5,000. ಮೂರು ಸಾವಿರವನ್ನು ಐದು ಸಾವಿರದಿಂದ ಭಾಗಿಸಿದರೆ ನೂರಕ್ಕೆ 60. ಅಂದರೆ ಕಡಿತಕ್ಕೆ ಒಳಪಡುವ ಚಾರ್ಜಿನ ಪ್ರತಿ ರೂಪಾಯಿಯಲ್ಲೂ ಕಂಪನಿ 60 ಪೈಸೆ ಕೊಡುತ್ತದೆ, 40 ಪೈಸೆ ರೋಗಿಯ ಮೇಲೆ. ಸರ್ಜನ್ ಫೀಸು 40,000 ಆಗಿದ್ದರೆ 16,000 ನಿಮ್ಮ ಜೇಬಿನಿಂದ. ಸಾವ್ಕಾರ್ರು ಎಂಟು ಸಾವಿರ ಅಂದುಕೊಂಡದ್ದು ರೂಮಿನ ವ್ಯತ್ಯಾಸ ಮಾತ್ರ. ನಿಜವಾದ ಹೊಡೆತ ಬಿದ್ದದ್ದು ಥಿಯೇಟರಿನ ಲೆಕ್ಕದಲ್ಲಿ.

ಇನ್ನೊಂದು ಸಣ್ಣ ವಿಷಯ ಇಲ್ಲಿ ಅಡಗಿದೆ. ಅಡ್ಮಿಟ್ ಆಗುವಾಗ ಮಗನಿಗೆ ಹೇಳಿದ ರೂಮ್ ಬಾಡಿಗೆ 4,400. ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಅಂತ ದಿನಕ್ಕೆ 600 ಬೇರೆ ಸಾಲಿನಲ್ಲಿತ್ತು. ಅನೇಕ ಪಾಲಿಸಿಗಳಲ್ಲಿ ಮಿತಿ ಇರುವುದು ‘ರೂಮ್ ಬಾಡಿಗೆ, ಊಟ-ವಸತಿ ಮತ್ತು ನರ್ಸಿಂಗ್’ ಮೂರೂ ಸೇರಿ. ಹಾಗಾಗಿ ಕಂಪನಿಯ ಕಣ್ಣಿಗೆ ಅದು 5,000ದ ರೂಮು. ಬಾಡಿಗೆ 2,900 ಇರುವ ರೂಮು ಹಿಡಿದು ಮಿತಿಯೊಳಗಿದ್ದೇವೆ ಎಂದುಕೊಂಡವರು ನರ್ಸಿಂಗ್ ಸೇರಿ 3,400 ಆಗಿ ಕಡಿತಕ್ಕೆ ಸಿಕ್ಕಿಬೀಳುವುದೂ ಹೀಗೆಯೇ.

ಮೊದಲ ಕೆಲಸ: ಪಾಲಿಸಿಯಲ್ಲಿ ಮಿತಿ ಹುಡುಕುವುದು

ಪಾಲಿಸಿ ಅಂತ ಜನ ಬೀರುವಿನಲ್ಲಿ ಇಟ್ಟುಕೊಳ್ಳುವುದು ಹೆಚ್ಚಾಗಿ ಹೆಸರು, ವಯಸ್ಸು, ಮೊತ್ತ ಇರುವ ಒಂದೆರಡು ಹಾಳೆ ಮತ್ತು ಒಂದು ಕಾರ್ಡು. ಮಿತಿ ಅಲ್ಲಿ ಇರಬಹುದು, ಇಲ್ಲದಿರಬಹುದು. ನೋಡಬೇಕಾದದ್ದು ‘ಗ್ರಾಹಕ ಮಾಹಿತಿ ಪತ್ರ’. ಇಂಗ್ಲಿಷಿನಲ್ಲಿ ಕಸ್ಟಮರ್ ಇನ್ಫರ್ಮೇಷನ್ ಶೀಟ್, ಚಿಕ್ಕದಾಗಿ ಸಿಐಎಸ್. ಇದನ್ನು ಪ್ರತಿ ಪಾಲಿಸಿಯ ಜೊತೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಯಮ ಮಾಡಿದೆ. ಈಗಿನ ಸರಳ ನಮೂನೆ 2024ರ ಜನವರಿಯಿಂದ ಬಂದದ್ದು. ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲೇ ಬೇಕು ಎಂದು ಕಂಪನಿಗೆ ಒಂದು ಮೇಲ್ ಹಾಕಿ ಕೇಳಿ, ಸಂಕೋಚ ಬೇಡ.

ಆ ಪತ್ರದಲ್ಲಿ ‘ಸಬ್-ಲಿಮಿಟ್’ ಎಂಬ ಸಾಲು ಹುಡುಕಿ. ರೂಮ್ ಬಾಡಿಗೆಯ ಮಿತಿಯನ್ನು ಕಂಪನಿಗಳು ಮೂರು ರೀತಿ ಬರೆಯುತ್ತವೆ.

ಮೊದಲನೆಯದು ಶೇಕಡಾ ಲೆಕ್ಕ: ವಿಮಾ ಮೊತ್ತದ ಶೇ 1, ಅಥವಾ ಶೇ 2. ಸಾವ್ಕಾರ್ರದ್ದು ಶೇ 1. ಮೂರು ಲಕ್ಷಕ್ಕೆ ದಿನಕ್ಕೆ 3,000. ಎಲ್ಲಾ ಕಂಪನಿಗಳಲ್ಲೂ ಸಿಗುವ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ ಇದು ಶೇ 2, ಆದರೆ ದಿನಕ್ಕೆ 5,000 ಮೀರುವಂತಿಲ್ಲ. ಐಸಿಯುಗೆ ಶೇ 5, ಗರಿಷ್ಠ 10,000. ಬೋನಸ್ ಸೇರಿ ಮೊತ್ತ ಬೆಳೆದಿದೆ ಎಂದು ಮಿತಿಯೂ ಬೆಳೆದಿದೆ ಅಂದುಕೊಳ್ಳಬೇಡಿ. ಬಹಳ ಪಾಲಿಸಿಗಳಲ್ಲಿ ಈ ಶೇಕಡಾ ಮೂಲ ಮೊತ್ತದ ಮೇಲೆ ಮಾತ್ರ.

ಎರಡನೆಯದು ರೂಮಿನ ದರ್ಜೆ: ‘ಒಬ್ಬರ ಖಾಸಗಿ ಎ.ಸಿ. ರೂಮು’ ಅಥವಾ ‘ಇಬ್ಬರು ಹಂಚಿಕೊಳ್ಳುವ ರೂಮು’ ಎಂದಷ್ಟೇ ಬರೆದಿರುತ್ತದೆ, ರೂಪಾಯಿ ಇರುವುದಿಲ್ಲ. ಊರು ಬದಲಾದರೆ ಬೆಲೆ ಬದಲಾಗುತ್ತದೆ, ದರ್ಜೆ ಬದಲಾಗುವುದಿಲ್ಲ. ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು ಎಲ್ಲಿಗೆ ಹೋದರೂ ನಡೆಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಶೇಕಡಾ ಮಿತಿಗಿಂತ ಇದು ವಾಸಿ. ಆದರೆ ಆಸ್ಪತ್ರೆಯವರು ಒಬ್ಬರ ರೂಮನ್ನೇ ಡೀಲಕ್ಸ್, ಸೂಟ್ ಎಂದು ಮೇಲ್ದರ್ಜೆಗೇರಿಸಿದ್ದರೆ ಅಲ್ಲೂ ಕಡಿತ ಉಂಟು.

ಮೂರನೆಯದು ಮಿತಿ ಇಲ್ಲ ಎನ್ನುವುದು. ಪ್ರೀಮಿಯಂ ಹೆಚ್ಚು, ತಲೆನೋವು ಕಡಿಮೆ.

ಮಿತಿ ಸಿಕ್ಕ ಮೇಲೆ ಪಾಲಿಸಿಯ ಪೂರ್ತಿ ನಿಯಮ ಪುಸ್ತಕದಲ್ಲಿ ಇನ್ನೊಂದು ಹುಡುಕಾಟ ಬಾಕಿ ಇರುತ್ತದೆ. ‘ಪ್ರಪೋರ್ಷನೇಟ್’ ಎಂಬ ಶಬ್ದ ಎಲ್ಲಿದೆ ನೋಡಿ. ಪಿಡಿಎಫ್ ಇದ್ದರೆ ಫೋನಿನಲ್ಲೇ ಹುಡುಕಬಹುದು. ಆ ಷರತ್ತೇ ಪಾಲಿಸಿಯಲ್ಲಿ ಇಲ್ಲದಿದ್ದರೆ ಕಂಪನಿ ಮಿತಿ ಮೀರಿದ ರೂಮ್ ಬಾಡಿಗೆಯನ್ನು ಮಾತ್ರ ಕಡಿಯಬಹುದು. ಸಾವ್ಕಾರ್ರು ಹೇಳಿದ ಎಂಟು ಸಾವಿರದ ಲೆಕ್ಕ ಆಗ ಸರಿಯಾಗುತ್ತದೆ. ಅವರ ಪಾಲಿಸಿಯಲ್ಲಿ ಷರತ್ತು ಇತ್ತು.

ಇನ್ನೊಂದು ಮಾತು. ಸಾವ್ಕಾರ್ರ ಪಾಲಿಸಿಯಲ್ಲಿ ನೋಂದಾಯಿಸಿದ ಇ-ಮೇಲ್ ಅವರದಾಗಿರಲಿಲ್ಲ, ಏಜೆಂಟರದ್ದು. ಅವರಿಗೆ ಇ-ಮೇಲ್ ಇಲ್ಲವೆಂದು ಏಜೆಂಟರು ತಮ್ಮದನ್ನೇ ಹಾಕಿದ್ದರು. ನಾಲ್ಕು ವರ್ಷದ ಮಾಹಿತಿ ಪತ್ರ, ಕೊನೆಗೆ ಆಸ್ಪತ್ರೆಯ ಮಂಜೂರಾತಿ ಪತ್ರ ಕೂಡ ಹೋದದ್ದು ಅಲ್ಲಿಗೇ. ನಮ್ಮ ಕಡೆ ಇದು ಅಪರೂಪವೇನಲ್ಲ. ಮನೆಯ ಮಕ್ಕಳ ಫೋನ್ ನಂಬರು, ಮೇಲ್ ಹಾಕಿಸಿ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಬದಲಿಸಬಹುದು.

ತೋರಣಗಲ್ಲಿನ ಕಾರ್ಖಾನೆಗಳಲ್ಲಿ, ಗುತ್ತಿಗೆ ಕಂಪನಿಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ ಕೆಲವೊಮ್ಮೆ ಅಪ್ಪ-ಅಮ್ಮನೂ ಕಂಪನಿಯ ಗುಂಪು ವಿಮೆಯಲ್ಲಿ ಇರುತ್ತಾರೆ. ಅದರ ಮಿತಿ ಕಾರ್ಡಿನ ಮೇಲೆ ಇರುವುದಿಲ್ಲ. ಎಚ್.ಆರ್. ಆಫೀಸಿನಲ್ಲಿ ಸೌಲಭ್ಯಗಳ ಪಟ್ಟಿ ಕೇಳಬೇಕು. ಎರಡೂ ಪಾಲಿಸಿ ಇದ್ದರೆ, ಆಸ್ಪತ್ರೆಗೆ ಹೋಗುವ ಮುಂಚೆ ಯಾವುದರ ರೂಮ್ ಮಿತಿ ಹೆಚ್ಚು ಎಂದು ನೋಡಿ ಅದನ್ನು ಮುಂದೆ ಮಾಡಿ.

ಅಡ್ಮಿಟ್ ಆಗುವ ಮುಂಚೆ ಇನ್ಶೂರೆನ್ಸ್ ಡೆಸ್ಕಿನಲ್ಲಿ

ಸಾವ್ಕಾರ್ರದ್ದು ತುರ್ತು ಆಪರೇಷನ್ ಆಗಿರಲಿಲ್ಲ. ದಿನ ಗೊತ್ತು ಮಾಡಿಕೊಂಡು ಹೋದದ್ದು. ಅಂಥವರಿಗೆ ಎರಡು-ಮೂರು ದಿನ ಮುಂಚೆಯೇ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಹೋಗಿ ಕೂರುವಷ್ಟು ಸಮಯ ಇರುತ್ತದೆ.

ಮೊದಲು ಮಿತಿಯ ಅಂಕಿಯನ್ನು ನೀವೇ ಹೇಳಿ. “ನಮ್ಮ ಪಾಲಿಸಿಯಲ್ಲಿ ದಿನಕ್ಕೆ ಮೂರು ಸಾವಿರ, ನರ್ಸಿಂಗ್ ಸೇರಿ. ಅದರೊಳಗೆ ಯಾವ ರೂಮು ಐತಿ?” ಎಂದು ಕೇಳಿ. ‘ಇನ್ಶೂರೆನ್ಸ್ ಐತಿ, ಒಳ್ಳೆ ರೂಮು ಕೊಡ್ರಿ’ ಎನ್ನುವುದು ಈ ಕಥೆಯ ಮಗ ಆಡಿದ ಮಾತು. ಅವನು ಹೇಳಿದ್ದು ಅಪ್ಪನ ಮೇಲಿನ ಪ್ರೀತಿಗೆ, ಡೆಸ್ಕಿನವರು ಕೊಟ್ಟದ್ದು ಖಾಲಿ ಇದ್ದ ಎ.ಸಿ. ರೂಮು. ಅವರಿಗೆ ಪಾಲಿಸಿಯ ಮಿತಿ ನೋಡುವ ಹಂಗೇನೂ ಇರಲಿಲ್ಲ.

ನಂತರ, ನಗದುರಹಿತ ಚಿಕಿತ್ಸೆಗೆ ಅರ್ಜಿ ಹಾಕುವ ಫಾರಂ ನೋಡಿ. ಪ್ರೀ-ಆಥ್ ಫಾರಂ ಅನ್ನುತ್ತಾರೆ. ಅದರಲ್ಲಿ ಆಸ್ಪತ್ರೆಯವರು ತುಂಬುವ ಭಾಗದಲ್ಲಿ ದಿನದ ರೂಮ್ ಬಾಡಿಗೆ, ನರ್ಸಿಂಗ್, ರೋಗಿಯ ಊಟ ಇವೆಲ್ಲ ಸೇರಿ ಒಂದೇ ಸಾಲು ಇರುತ್ತದೆ. ಪರೀಕ್ಷೆಗಳಿಗೆ ಒಂದು ಸಾಲು, ಥಿಯೇಟರಿಗೆ ಒಂದು, ಡಾಕ್ಟರುಗಳ ಫೀಸಿಗೆ ಒಂದು, ಔಷಧಿ ಮತ್ತು ಇಂಪ್ಲಾಂಟಿಗೆ ಒಂದು. ಸಹಿ ಹಾಕುವ ಮುಂಚೆ ರೂಮಿನ ಸಾಲಿನ ಅಂಕಿ ಓದಿ. ಅದು ನಿಮ್ಮ ಮಿತಿಗಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ. ಆ ಫಾರಂನ ಫೋಟೋ ತೆಗೆದುಕೊಳ್ಳುವುದು ಇನ್ನೂ ಒಳ್ಳೆಯದು.

ಫಾರಂ ಹೋದ ಮೇಲೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕೆಂದು 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಹೇಳುತ್ತದೆ. ಮೊದಲ ಮಂಜೂರಾತಿ ಪತ್ರ ಬಂದಾಗ ಜನ ಮೊತ್ತ ಮಾತ್ರ ನೋಡುತ್ತಾರೆ. “60,000 ಬಂತು, ಉಳಿದದ್ದು ಕೊನೆಗೆ ಬರ್ತದ” ಎಂದು ಡೆಸ್ಕಿನವರು ಹೇಳಿದರೆ ಸಮಾಧಾನವಾಗುತ್ತದೆ. ಆದರೆ ಅರ್ಹ ರೂಮ್ ದರ್ಜೆ ಅಥವಾ ದಿನದ ಮಿತಿ ಸಾಮಾನ್ಯವಾಗಿ ಅದೇ ಪತ್ರದಲ್ಲಿ, ಮೊತ್ತದ ಕೆಳಗೆ ಇರುತ್ತದೆ. ಸಾವ್ಕಾರ್ರ ಪತ್ರದಲ್ಲೂ ಇತ್ತು. ಪತ್ರ ಏಜೆಂಟರ ಮೇಲಿನಲ್ಲಿ ಬಿದ್ದಿತ್ತು. ಆ ಹೊತ್ತಿಗೆ ಆಪರೇಷನ್ ಇನ್ನೂ ಆಗಿರಲಿಲ್ಲ, ರೂಮು ಬದಲಿಸಲು ಒಂದು ರಾತ್ರಿ ಪೂರ್ತಿ ಇತ್ತು.

‘ನಿಮ್ಮ ಮಿತಿಯ ರೂಮು ಖಾಲಿ ಇಲ್ಲ’ ಎಂಬ ಉತ್ತರವೂ ಬರುತ್ತದೆ. ತುರ್ತಿಲ್ಲದಿದ್ದರೆ ದಿನ ಮುಂದೂಡಿ. ತುರ್ತಿದ್ದರೆ, ಕೆಳಗಿನ ದರ್ಜೆಯ ರೂಮು ಖಾಲಿ ಇರಲಿಲ್ಲವೆಂದು ಆಸ್ಪತ್ರೆಯಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಖಾಲಿಯಾದ ಕೂಡಲೇ ವರ್ಗಾಯಿಸಿ ಎಂದು ಬರಹದಲ್ಲೇ ಕೇಳಿ. ಆ ಪತ್ರ ನೋಡಿ ಕಂಪನಿ ಕಡಿತ ಬಿಟ್ಟೇಬಿಡುತ್ತದೆ ಎಂಬ ಖಾತ್ರಿಯಿಲ್ಲ. ದೂರು ಕೊಡುವಾಗ ಮಾತ್ರ ಅದು ಕೈಯಲ್ಲಿ ಇರಬೇಕಾದ ಕಾಗದ. ಆಸ್ಪತ್ರೆ ಯಾವ ದರ್ಜೆಯ ದರದಲ್ಲಿ ಆಪರೇಷನ್ ಬಿಲ್ ಮಾಡುತ್ತದೆ ಎಂಬುದನ್ನೂ ಆಗಲೇ ಕೇಳಿ. ಒಪ್ಪಿಕೊಂಡರೆ ಕೆಳದರ್ಜೆಯ ದರದಲ್ಲಿ ಬಿಲ್ ಮಾಡಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ನಿಮ್ಮಿಂದ ತೆಗೆದುಕೊಳ್ಳಬಹುದು.

ಎಲ್ಲದಕ್ಕೂ ಕತ್ತರಿ ಹಾಕುವಂತಿಲ್ಲ

ಈಗ ಆ 15,600ರ ವಿಷಯ. ಹಿಂದೆ ಕೆಲವು ಕಂಪನಿಗಳು ರೂಮಿನ ಪ್ರಮಾಣವನ್ನು ಇಡೀ ಬಿಲ್ಲಿಗೆ ಹಚ್ಚುತ್ತಿದ್ದವು. ಮಾತ್ರೆಗೂ ಕಡಿತ, ರಕ್ತ ಪರೀಕ್ಷೆಗೂ ಕಡಿತ. ಔಷಧಿಯ ಬೆಲೆಯನ್ನು ರೂಮು ನಿರ್ಧರಿಸುವುದಿಲ್ಲವಲ್ಲ! 2020ರ ಜೂನ್‌ನಲ್ಲಿ ಐಆರ್‌ಡಿಎಐ ಮಾರ್ಗಸೂಚಿ ಹೊರಡಿಸಿ ಇದಕ್ಕೆ ಗೆರೆ ಎಳೆಯಿತು. ಪ್ರಮಾಣಾನುಗುಣ ಕಡಿತ ‘ಸಂಬಂಧಿತ ವೈದ್ಯಕೀಯ ವೆಚ್ಚ’ಗಳಿಗೆ ಮಾತ್ರ. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಗ್ರಿ, ಇಂಪ್ಲಾಂಟ್ ಮತ್ತು ವೈದ್ಯಕೀಯ ಸಾಧನ, ರೋಗಪತ್ತೆಯ ಪರೀಕ್ಷೆಗಳು ಅದರೊಳಗೆ ಬರುವಂತಿಲ್ಲ. ಐಸಿಯು ಚಾರ್ಜಿಗೂ ಪ್ರಮಾಣಾನುಗುಣ ಕಡಿತ ಹಚ್ಚುವಂತಿಲ್ಲ. ಅದಕ್ಕೆ ಬೇರೆ ಮಿತಿ ಇದ್ದರೆ ಅದಷ್ಟೇ. ರೂಮಿನ ದರ್ಜೆ ನೋಡಿ ಬೇರೆಬೇರೆ ದರ ಹಾಕದ ಆಸ್ಪತ್ರೆಯ ಬಿಲ್ಲಿಗೆ ಈ ಕಡಿತವೇ ಸಲ್ಲದು. ಅಂದಿನಿಂದ ಪಾಲಿಸಿಗಳ ನಿಯಮ ಪುಸ್ತಕದಲ್ಲೇ ಈ ಮಾತುಗಳು ಸೇರಿಕೊಂಡಿವೆ. ವಾದ ಮಾಡುವಾಗ ನಿಮ್ಮ ಪಾಲಿಸಿಯ ಆ ಪುಟವನ್ನೇ ಮುಂದಿಡಿ, ಅದಕ್ಕಿಂತ ದೊಡ್ಡ ಆಧಾರ ಬೇಡ.

ಸಾವ್ಕಾರ್ರ ಬಿಲ್ಲನ್ನು ಈ ಕಣ್ಣಿನಿಂದ ನೋಡೋಣ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದೆ.

ರೂಮು, ನರ್ಸಿಂಗ್ ಸೇರಿ ನಾಲ್ಕು ದಿನಕ್ಕೆ 20,000. ಮಿತಿಯ ಪ್ರಕಾರ ಸಿಗುವುದು 12,000.

ಸರ್ಜನ್ 40,000, ಅರಿವಳಿಕೆ ತಜ್ಞರು 12,000, ಥಿಯೇಟರ್ 18,000, ಡಾಕ್ಟರ್ ವಿಸಿಟ್ 5,000. ಇವು ಸಂಬಂಧಿತ ವೆಚ್ಚ, ಒಟ್ಟು 75,000. ಶೇ 60ರಂತೆ ಸಿಗುವುದು 45,000.

ಔಷಧಿ ಮತ್ತು ಸಾಮಗ್ರಿ 14,000, ಹರ್ನಿಯಾ ಜಾಗಕ್ಕೆ ಹೊಲಿಯುವ ಮೆಶ್ 16,000, ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ 9,000. ಒಟ್ಟು 39,000. ಇದಕ್ಕೆ ಪ್ರಮಾಣಾನುಗುಣ ಕಡಿತ ಇಲ್ಲ, ಪೂರ್ತಿ ಸಿಗಬೇಕು.

ಫೈಲ್ ಚಾರ್ಜು, ಪಾಲಿಸಿಯಲ್ಲಿ ಸೇರದ ಇನ್ನಿತರ ಬಾಬ್ತುಗಳು 3,000. ಇದು ಯಾರಿಗಾದರೂ ಕೈಯಿಂದಲೇ.

ಕೂಡಿಸಿದರೆ ಕಂಪನಿ ಕೊಡಬೇಕಾದದ್ದು 12,000 ಮತ್ತು 45,000 ಮತ್ತು 39,000, ಒಟ್ಟು 96,000. ಕೊಟ್ಟದ್ದು 80,400. ಎಲ್ಲಿ ವ್ಯತ್ಯಾಸವಾಯಿತು? ಆ 39,000ಕ್ಕೂ ಶೇ 60 ಹಚ್ಚಿ 23,400 ಮಾಡಿದ್ದರು. ಕಡಿದದ್ದು ಸರಿಯಾಗಿ 15,600.

ಇಂಥ ತಪ್ಪನ್ನು ಪತ್ತೆ ಮಾಡಲು ಲೆಕ್ಕ ಪರಿಶೋಧಕರು ಬೇಕಿಲ್ಲ. ಕಂಪನಿಯ ಅಂತಿಮ ಮಂಜೂರಾತಿ ಪತ್ರದಲ್ಲಿ ಕಡಿತದ ವಿವರ ಇರುತ್ತದೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಎಂಬ ಸಾಲುಗಳ ಎದುರು ‘ಪ್ರಪೋರ್ಷನೇಟ್’ ಎಂದು ಕಂಡರೆ ಅಲ್ಲಿ ಬೆರಳಿಡಿ. ವಿವರವೇ ಇಲ್ಲದೆ ಒಂದೇ ಮೊತ್ತ ಬರೆದಿದ್ದರೆ ಬಾಬ್ತುವಾರು ಲೆಕ್ಕ ಕೊಡಿ ಎಂದು ಕೇಳಿ. ಆಸ್ಪತ್ರೆ ಪ್ಯಾಕೇಜ್ ಎಂದು ಒಟ್ಟಿಗೆ ಬಿಲ್ ಮಾಡಿದ್ದರೆ ಈ ಬೇರ್ಪಡಿಕೆ ಕಷ್ಟ. ಆಗ ಮೆಶ್, ಔಷಧಿ ಎಷ್ಟು ಎಂಬ ವಿಂಗಡಣೆಯನ್ನು ಆಸ್ಪತ್ರೆಯಿಂದಲೇ ಪಡೆಯಬೇಕು. ಮೆಶ್‌ನ ಪೊಟ್ಟಣದ ಸ್ಟಿಕರನ್ನು ಕೇಸ್ ಫೈಲಿಗೆ ಅಂಟಿಸಿರುತ್ತಾರೆ, ಅದರ ಪ್ರತಿ ಮತ್ತು ಬಿಲ್ಲು ಎರಡನ್ನೂ ಇಟ್ಟುಕೊಳ್ಳಿ.

ಡಿಸ್ಚಾರ್ಜ್ ದಿನ

ಅಂತಿಮ ಬಿಲ್ಲು ತಲುಪಿದ ಮೂರು ಗಂಟೆಯೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಚಾರ್ಜು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು ಎಂಬುದು 2024ರ ಅದೇ ಸುತ್ತೋಲೆಯಲ್ಲಿದೆ. ಆ ಮೂರು ಗಂಟೆ ನಿಮಗೂ ಸಿಕ್ಕ ಸಮಯ. ಬಿಲ್ಲಿನ ಕರಡು ಕೇಳಿ, ಮೇಲಿನಂತೆ ನಾಲ್ಕು ಗುಂಪು ಮಾಡಿ ಕೂಡಿಸಿ. ಮಂಜೂರಾತಿ ಬಂದಾಗ ಹೊಂದಿಸಿ ನೋಡಬಹುದು. ತಪ್ಪು ಕಂಡರೆ ಡೆಸ್ಕಿನಿಂದಲೇ ಮರುಪರಿಶೀಲನೆಗೆ ಕಳಿಸಲು ಹೇಳಿ. ಕೆಲವೊಮ್ಮೆ ಅಲ್ಲೇ ಸರಿಹೋಗುತ್ತದೆ.

ಸರಿಹೋಗದಿದ್ದರೆ ಜಗಳ ಮಾಡುತ್ತ ಆಸ್ಪತ್ರೆಯಲ್ಲಿ ಇನ್ನೊಂದು ರಾತ್ರಿ ಕಳೆಯಬೇಡಿ, ಅದರ ಬಾಡಿಗೆಯೂ ನಿಮ್ಮ ತಲೆಗೇ ಬರುತ್ತದೆ. ದುಡ್ಡು ಕಟ್ಟಿ, ರಸೀದಿ ಪಡೆಯಿರಿ, ಕಡಿತಕ್ಕೆ ನಮ್ಮ ಆಕ್ಷೇಪಣೆ ಇದೆ ಎಂದು ಒಂದು ಸಾಲು ಬರೆದು ಅದರ ಪ್ರತಿ ಇಟ್ಟುಕೊಳ್ಳಿ. ಹೊರಡುವಾಗ ಕೈಯಲ್ಲಿ ಇರಬೇಕಾದವು: ಬಾಬ್ತುವಾರು ಅಂತಿಮ ಬಿಲ್ಲು, ಡಿಸ್ಚಾರ್ಜ್ ಸಾರಾಂಶ, ಮೊದಲಿನ ಮತ್ತು ಕೊನೆಯ ಮಂಜೂರಾತಿ ಪತ್ರ, ಔಷಧಿ-ಲ್ಯಾಬ್-ಮೆಶ್ ಬಿಲ್ಲುಗಳು, ಕಟ್ಟಿದ ರಸೀದಿ.

ಅಡ್ಮಿಟ್ ಆಗುವ ಮೊದಲು ಮಾಡಿಸಿದ ಸ್ಕ್ಯಾನು, ಮನೆಗೆ ಬಂದ ಮೇಲಿನ ಮಾತ್ರೆ ಇವನ್ನು ಸಾವ್ಕಾರ್ರು ಮರೆತೇಬಿಟ್ಟಿದ್ದರು. ಬಹುತೇಕ ಪಾಲಿಸಿಗಳಲ್ಲಿ ಮುಂಚಿನ 30 ದಿನ, ನಂತರದ 60 ದಿನದ ಖರ್ಚು ಬೇರೆಯಾಗಿ ಕೇಳಬಹುದು.

ದೂರು ಎಲ್ಲಿ, ಹೇಗೆ

ಮೊದಲ ದೂರು ಕಂಪನಿಯ ದೂರು ವಿಭಾಗಕ್ಕೇ. ಏಜೆಂಟರಿಗೆ, ಆಸ್ಪತ್ರೆಗೆ ಹೇಳಿದ್ದು ದೂರು ಎನಿಸುವುದಿಲ್ಲ. ಸಾವ್ಕಾರ್ರ ಮಗ ಕಳಿಸಿದ ಮೇಲ್ ಹೀಗಿತ್ತು:

“ಪಾಲಿಸಿ ಸಂಖ್ಯೆ ಮತ್ತು ಕ್ಲೇಮ್ ಸಂಖ್ಯೆ ಮೇಲಿನಂತೆ. ರೂಮ್ ಬಾಡಿಗೆ ಮಿತಿ ಮೀರಿದ್ದನ್ನು ಒಪ್ಪುತ್ತೇವೆ. ಆದರೆ ಔಷಧಿ 14,000, ಮೆಶ್ 16,000, ಪರೀಕ್ಷೆ 9,000 ಇವುಗಳ ಮೇಲೆ ಹಾಕಿದ ಪ್ರಮಾಣಾನುಗುಣ ಕಡಿತ ಪಾಲಿಸಿಯ ‘ಸಂಬಂಧಿತ ವೈದ್ಯಕೀಯ ವೆಚ್ಚ’ದ ವ್ಯಾಖ್ಯೆಗೆ ವಿರುದ್ಧ. ಆ ಪುಟ ಲಗತ್ತಿಸಿದೆ. ಕಡಿದ 15,600 ರೂಪಾಯಿ ಪಾವತಿಸಿ. ಒಪ್ಪದಿದ್ದರೆ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ತಿಳಿಸಿ.”

ಈ ಪತ್ರದ ಬಲ ಇರುವುದು ಎರಡನೇ ವಾಕ್ಯದಲ್ಲಿ. ಇಡೀ 56,600 ಅನ್ಯಾಯ ಎಂದು ಬರೆದಿದ್ದರೆ ಕಂಪನಿ ರೂಮ್ ಮಿತಿಯ ಷರತ್ತನ್ನು ತೋರಿಸಿ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿತ್ತು. ಒಪ್ಪುವುದನ್ನು ಒಪ್ಪಿ, ಬಾಬ್ತು ಹೆಸರಿಸಿ, ಅಂಕಿ ಹೇಳಿ ಕೇಳಿದಾಗ ಜಾರಿಕೊಳ್ಳಲು ಜಾಗ ಕಡಿಮೆ.

ಕಂಪನಿ ಎರಡು ವಾರದಲ್ಲಿ ಉತ್ತರಿಸಬೇಕು. ಉತ್ತರ ಬರದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ದಲ್ಲಿ ದಾಖಲಿಸಿ: bimabharosa.irdai.gov.in, ಅಥವಾ 155255ಕ್ಕೆ ಕರೆ ಮಾಡಿ. ಅಲ್ಲಿಂದ ದೂರು ಮತ್ತೆ ಕಂಪನಿಗೇ ಹೋಗುತ್ತದೆ, ಆದರೆ ಮೇಲಿನವರ ಕಣ್ಣಿನಡಿ.

ಅದೂ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಕುರೆಕುಪ್ಪದಿಂದ ಬಸ್ಸು ಹತ್ತಬೇಕಿಲ್ಲ, cioins.co.in ತಾಣದಲ್ಲಿ ದೂರು ದಾಖಲಿಸಬಹುದು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು ಅಥವಾ ಅದು ತಿರಸ್ಕರಿಸಿರಬೇಕು. ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ವಿವಾದ ಅಲ್ಲಿ ತೀರ್ಮಾನವಾಗುತ್ತದೆ. ಗ್ರಾಹಕ ಆಯೋಗಕ್ಕೆ ಮೊದಲೇ ಹೋಗಿದ್ದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಈ ಸರದಿ ತಪ್ಪಿಸಬೇಡಿ.

ಸಾವ್ಕಾರ್ರಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ದೂರು ವಿಭಾಗದಿಂದಲೇ 15,600 ಬ್ಯಾಂಕ್ ಖಾತೆಗೆ ಬಂತು. 41,000 ಬರಲಿಲ್ಲ, ಬರುವುದೂ ಇಲ್ಲ.

ನವೀಕರಣ ಬಂದಾಗ

ಮುಂದಿನ ಕಂತಿನ ಹೊತ್ತಿಗೆ ಅವರ ಮುಂದೆ ಮೂರು ದಾರಿ ಇದ್ದವು. ಮೊತ್ತವನ್ನು ಐದು ಲಕ್ಷಕ್ಕೆ ಏರಿಸಿದರೆ ಶೇ 1ರ ಮಿತಿ 5,000 ಆಗುತ್ತದೆ, ಆದರೆ ಏರಿಸಿದ ಎರಡು ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರು. ಅದೇ ಪಾಲಿಸಿಗೆ ರೂಮ್ ಮಿತಿ ತೆಗೆಯುವ ರೈಡರ್ ಇದ್ದರೆ ಸ್ವಲ್ಪ ಹೆಚ್ಚು ಕಟ್ಟಿ ಸೇರಿಸಬಹುದು. ಇಲ್ಲವೇ ಮಿತಿ ಇಲ್ಲದ ಬೇರೆ ಕಂಪನಿಯ ಪಾಲಿಸಿಗೆ ಪೋರ್ಟ್ ಆಗಬಹುದು. ಈಗಾಗಲೇ ಕಳೆದ ಕಾಯುವ ಅವಧಿ ಹಳೆಯ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತದೆ. ಆದರೆ ಹೊಸ ಕಂಪನಿ ಒಪ್ಪಲೇಬೇಕೆಂದಿಲ್ಲ, ಹಾಗಾಗಿ ನವೀಕರಣದ ದಿನಕ್ಕೆ ಒಂದೂವರೆ-ಎರಡು ತಿಂಗಳು ಮುಂಚೆ ಅರ್ಜಿ ಹಾಕಿ, ಒಪ್ಪಿಗೆ ಬರುವ ತನಕ ಹಳೆಯದನ್ನು ಬಿಡಬೇಡಿ.

ಟಾಪ್-ಅಪ್ ಪಾಲಿಸಿ ತಗೊಳ್ಳಿ ಎಂದು ಏಜೆಂಟರು ಸೂಚಿಸಿದ್ದರು. ಅದು ಬಿಲ್ಲು ದೊಡ್ಡದಾದಾಗ ನೆರವಿಗೆ ಬರುವಂಥದ್ದು. ಮೂಲ ಪಾಲಿಸಿಯ ರೂಮ್ ಮಿತಿಯನ್ನು ಅದು ಮುಟ್ಟುವುದಿಲ್ಲ, 1,37,000ದ ಹರ್ನಿಯಾ ಬಿಲ್ಲಿಗೆ ಅದರಿಂದ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಸಾವ್ಕಾರ್ರು ರೈಡರ್ ಸೇರಿಸಿಕೊಂಡರು. ಕಂತು ಕಟ್ಟುವ ಮುಂಚೆ ಏಜೆಂಟರನ್ನು ಅಂಗಡಿಗೆ ಕರೆಸಿ, ಮಾಹಿತಿ ಪತ್ರದ ಸಬ್-ಲಿಮಿಟ್ ಸಾಲನ್ನು ಗಿರಾಕಿಗಳ ಎದುರೇ ಅವರಿಂದ ಓದಿಸಿದರು.